ಸಾಗರದಲ್ಲಿ ಮನೆ, ಅಮೆರಿಕದಿಂದ ಡಾಲರ್: ತೆರಿಗೆ ಯಾವ ಲೆಕ್ಕದಲ್ಲಿ?

ಪ್ರಶ್ನೆ: ಸರ್, ನಾನು ಸಾಫ್ಟ್‌ವೇರ್ ಎಂಜಿನಿಯರ್. 2025ರ ಏಪ್ರಿಲ್‌ನಿಂದ ಸಾಗರದ ಹತ್ತಿರ ನಮ್ಮ ಮನೆಯಲ್ಲೇ ಕೂತು ಅಮೆರಿಕದ ಒಂದು ಕಂಪನಿಗೆ ಕೆಲಸ ಮಾಡ್ತಿದ್ದೇನೆ. ತಿಂಗಳಿಗೆ 4,000 ಡಾಲರ್ ಬರುತ್ತೆ. ಅವರಿಗೆ ಇಂಡಿಯಾದಲ್ಲಿ ಆಫೀಸಿಲ್ಲ, ಟಿಡಿಎಸ್ ಹಿಡಿಯಲ್ಲ. ಒಪ್ಪಂದದಲ್ಲಿ ‘ಇಂಡಿಪೆಂಡೆಂಟ್ ಕಾಂಟ್ರ್ಯಾಕ್ಟರ್’ ಅಂತಿದೆ. ಆದ್ರೆ ರಜೆ, ಮ್ಯಾನೇಜರ್, ಲ್ಯಾಪ್‌ಟಾಪ್ ಎಲ್ಲ ಕಂಪನಿಯದ್ದೇ. ಅರ್ಧ ದುಡ್ಡಿಗೆ ಮಾತ್ರ ತೆರಿಗೆ ಅಂತ ಫ್ರೆಂಡ್ ಹೇಳ್ತಾನೆ. ಹೊರಗಿನ ದುಡ್ಡಿಗೆ ತೆರಿಗೆನೇ ಇಲ್ಲ ಅಂತ ಚಿಕ್ಕಪ್ಪ ಹೇಳ್ತಾರೆ. ಈವರೆಗೆ ಏನೂ ಕಟ್ಟಿಲ್ಲ. ಈಗ ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಚಿಕ್ಕಪ್ಪನ ಮಾತು. ಅವರು ಹೇಳಿದ್ದು ತಪ್ಪು. ಆದರೆ ಆ ತಪ್ಪು ಎಲ್ಲಿಂದ ಬಂತು ಅಂತ ಗೊತ್ತು. ದುಬೈಯಲ್ಲೋ ಕುವೈತಿನಲ್ಲೋ ಇದ್ದು ಊರಿಗೆ ದುಡ್ಡು ಕಳಿಸುವವರನ್ನು ಅವರು ನೋಡಿರುತ್ತಾರೆ. ಅವರು ಅಲ್ಲೇ ಇದ್ದು, ಅಲ್ಲೇ ದುಡಿದವರು. ಹಾಗಾಗಿ ಅವರಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ನೀವು ಹಾಗಲ್ಲ. ವರ್ಷಪೂರ್ತಿ ಸಾಗರದಲ್ಲೇ ಇದ್ದೀರಿ. ವರ್ಷದಲ್ಲಿ 182 ದಿನ ಇಂಡಿಯಾದಲ್ಲಿ ಇದ್ದವರು ತೆರಿಗೆ ಕಾನೂನಿನ ಪ್ರಕಾರ ಇಲ್ಲಿನ ನಿವಾಸಿ. ನಿವಾಸಿಗೆ ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಇಂಡಿಯಾದಲ್ಲಿ ಕೂತು ಮಾಡಿದ ಕೆಲಸದ ಸಂಬಳ ಇಂಡಿಯಾದಲ್ಲೇ ಹುಟ್ಟಿದ್ದು ಅಂತ ಕಾನೂನು ಹೇಳುತ್ತದೆ. ಕೊಡುವವರು ಎಲ್ಲಿದ್ದಾರೆ ಅನ್ನುವುದು ಮುಖ್ಯವಲ್ಲ, ಕೆಲಸ ಎಲ್ಲಿ ನಡೆಯಿತು ಅನ್ನುವುದು ಮುಖ್ಯ. ದುಡ್ಡನ್ನು ಇಲ್ಲಿಗೆ ತರಿಸದೆ ಅಮೆರಿಕದ ಖಾತೆಯಲ್ಲೇ ಬಿಟ್ಟರೂ ತೆರಿಗೆ ತಪ್ಪುವುದಿಲ್ಲ. ಬದಲಿಗೆ, ಆ ಖಾತೆಯನ್ನು ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕಾದ ಇನ್ನೊಂದು ಕೆಲಸ ಹುಟ್ಟುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಇದು ಬಂದೇ ಬರುತ್ತದೆ. ‘ಹೇಗೂ ತೋಟ ಇದೆ, ಅಡಿಕೆ ದುಡ್ಡು ಅಂತ ತೋರಿಸಿದರಾಯ್ತು’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಡಾಲರ್ ಬಂದ ದಾರಿ ಬ್ಯಾಂಕಿನಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ. ಅಡಿಕೆ ಮಂಡಿಯಿಂದ ತಿಂಗಳಿಗೊಮ್ಮೆ ಡಾಲರಿನಲ್ಲಿ ದುಡ್ಡು ಬರುವುದಿಲ್ಲ.

ಇನ್ನು ನಿಮ್ಮ ಫ್ರೆಂಡ್ ಮಾತು. ಅದು ಪೂರ್ತಿ ಸುಳ್ಳಲ್ಲ. ನಿಮ್ಮ ಇಡೀ ಪ್ರಶ್ನೆ ನಿಂತಿರುವುದು ಅಲ್ಲೇ.

ಅವರು ಹೇಳುತ್ತಿರುವುದು 44ಎಡಿಎ ಅನ್ನುವ ಸೆಕ್ಷನ್. 2025-26ರ ರಿಟರ್ನ್ ಹಳೆಯ 1961ರ ಕಾನೂನಿನ ಕೆಳಗೇ ಬರುವುದರಿಂದ ಹಳೆಯ ಹೆಸರನ್ನೇ ಬಳಸುತ್ತೇನೆ. 2026ರ ಏಪ್ರಿಲ್‌ನಿಂದ ಹೊಸ ಕಾನೂನು ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ, ಆದರೆ ಆಡಿಟರುಗಳ ಬಾಯಲ್ಲಿ ಇನ್ನೂ ಹಳೆಯದೇ ಓಡುತ್ತಿದೆ. ಡಾಕ್ಟರ್, ವಕೀಲರು, ಎಂಜಿನಿಯರ್ ಹೀಗೆ ಕೆಲವು ವೃತ್ತಿಯವರಿಗೆ ಈ ಸೆಕ್ಷನ್ ಒಂದು ಅನುಕೂಲ ಕೊಡುತ್ತದೆ. ವರ್ಷದ ಒಟ್ಟು ಫೀಸು 50 ಲಕ್ಷದೊಳಗಿದ್ದರೆ ಅರ್ಧವನ್ನು ಖರ್ಚು ಅಂತ ಬಿಟ್ಟು, ಉಳಿದರ್ಧವನ್ನು ಲಾಭ ಅಂತ ತೋರಿಸಬಹುದು. ನಗದಾಗಿ ಬಂದದ್ದು 5 ಪರ್ಸೆಂಟ್ ಮೀರದಿದ್ದರೆ ಆ ಮಿತಿ 75 ಲಕ್ಷ. ಖರ್ಚಿನ ಬಿಲ್ಲು ಇಡಬೇಕಿಲ್ಲ, ಲೆಕ್ಕದ ಪುಸ್ತಕ ಬೇಡ. ಮಾಹಿತಿ ತಂತ್ರಜ್ಞಾನವೂ ಆ ವೃತ್ತಿಗಳ ಪಟ್ಟಿಯಲ್ಲಿದೆ. ಹಾಗಾಗಿ ಸ್ವಂತವಾಗಿ ಕೆಲಸ ಹಿಡಿದು ಮಾಡುವ ಸಾಫ್ಟ್‌ವೇರ್ ಎಂಜಿನಿಯರಿಗೆ ಇದು ಸಿಗುತ್ತದೆ. (ಕಂಟೆಂಟ್ ಬರೆಯುವವರು, ಕಸ್ಟಮರ್ ಸಪೋರ್ಟ್ ಮಾಡುವವರ ಹೆಸರು ಆ ಪಟ್ಟಿಯಲ್ಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಇದನ್ನು ಹಾಕಬಾರದು.)

ಆದರೆ ಇದು ಫೀಸಿಗೆ ಇರುವ ಅನುಕೂಲ. ಸಂಬಳಕ್ಕೆ ಇಲ್ಲವೇ ಇಲ್ಲ. ಅಂದರೆ ನಿಮಗೆ ಬರುತ್ತಿರುವುದು ಸಂಬಳವೋ ಫೀಸೋ ಅನ್ನುವುದೇ ಮೊದಲು ತೀರ್ಮಾನ ಆಗಬೇಕು. ಅದರಲ್ಲಿ ಎಷ್ಟು ದುಡ್ಡಿನ ವ್ಯತ್ಯಾಸ ಇದೆ ಅಂತ ನೋಡೋಣ.

ಲೆಕ್ಕಕ್ಕೆ ಸುಲಭ ಆಗಲಿ ಅಂತ ಡಾಲರಿಗೆ 85 ರೂಪಾಯಿ ಹಿಡಿಯುತ್ತೇನೆ. ತಿಂಗಳಿಗೆ 4,000 ಡಾಲರ್ ಅಂದರೆ ವರ್ಷಕ್ಕೆ 48,000 ಡಾಲರ್, 40,80,000 ರೂಪಾಯಿ. ಹೊಸ ಪದ್ಧತಿಯ ಸ್ಲ್ಯಾಬ್ ಹಾಕೋಣ.

ಇದು ಸಂಬಳ ಆದರೆ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 40,05,000 ಉಳಿಯುತ್ತದೆ. ಮೊದಲ 24 ಲಕ್ಷದವರೆಗಿನ ಸ್ಲ್ಯಾಬುಗಳೆಲ್ಲ ಸೇರಿ ತೆರಿಗೆ 3 ಲಕ್ಷ. ಮೇಲಿನ 16,05,000ಕ್ಕೆ 30 ಪರ್ಸೆಂಟ್, ಅಂದರೆ 4,81,500. ಒಟ್ಟು 7,81,500. ಅದರ ಮೇಲೆ 4 ಪರ್ಸೆಂಟ್ ಸೆಸ್ ಸೇರಿದರೆ 8,12,760 ರೂಪಾಯಿ.

ಇದು ಫೀಸು ಆದರೆ, 40,80,000ದ ಅರ್ಧ 20,40,000 ಮಾತ್ರ ಆದಾಯ. 20 ಲಕ್ಷದವರೆಗೆ ತೆರಿಗೆ 2 ಲಕ್ಷ, ಉಳಿದ 40,000ಕ್ಕೆ 25 ಪರ್ಸೆಂಟಿನಂತೆ 10,000. ಸೆಸ್ ಸೇರಿ 2,18,400.

ಅಂದರೆ ಅದೇ ಕೆಲಸ, ಅದೇ ದುಡ್ಡು, ತೆರಿಗೆಯಲ್ಲಿ 5,94,360 ರೂಪಾಯಿ ವ್ಯತ್ಯಾಸ. ನಿಮ್ಮ ಫ್ರೆಂಡ್ ಯಾಕೆ ಅಷ್ಟು ಖುಷಿಯಿಂದ ಹೇಳಿದ ಅಂತ ಈಗ ಗೊತ್ತಾಯ್ತಲ್ಲ. ಇಲಾಖೆ ಯಾಕೆ ಇದನ್ನು ಗಮನವಿಟ್ಟು ನೋಡುತ್ತದೆ ಅಂತಲೂ ಗೊತ್ತಾಗಿರಬೇಕು.

ಹಾಗಾದರೆ ನಿಮ್ಮದು ಯಾವುದು? ಒಪ್ಪಂದದ ಮೇಲಿನ ಹೆಸರು ನೋಡಿ ಇದನ್ನು ತೀರ್ಮಾನಿಸುವುದಿಲ್ಲ. 1956ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸು ತೀರ್ಮಾನಿಸಿತ್ತು. ಸೌರಾಷ್ಟ್ರದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಮತ್ತು ಅಲ್ಲಿ ಉಪ್ಪು ತೆಗೆಯುತ್ತಿದ್ದ ಅಗರಿಯಾಗಳ ನಡುವಿನ ಕೇಸು. ಇವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆಯವರು ಅಂತ ಕಂಪನಿಯ ವಾದ. ಕೋರ್ಟು ನೋಡಿದ್ದು ಕೆಲಸ ಏನು ಅನ್ನುವುದನ್ನಷ್ಟೇ ಅಲ್ಲ, ಅದನ್ನು ಹೇಗೆ ಮಾಡಬೇಕು ಅಂತ ಹೇಳುವ ಹಿಡಿತ ಯಾರ ಕೈಯಲ್ಲಿತ್ತು ಅನ್ನುವುದನ್ನು. ಅವರನ್ನು ಕೆಲಸಗಾರರೆಂದೇ ಕೋರ್ಟು ಒಪ್ಪಿತು. ಅದು ಕಾರ್ಮಿಕ ಕಾನೂನಿನ ಕೇಸು. ಆದರೂ ನೌಕರಿಯೋ ಗುತ್ತಿಗೆಯೋ ಅನ್ನುವ ಜಗಳ ಬಂದಾಗೆಲ್ಲ ಅದೇ ಹಿಡಿತದ ಮಾತು ಬರುತ್ತದೆ. ಉಪ್ಪಿನ ಗದ್ದೆಗೂ ನಿಮ್ಮ ಲ್ಯಾಪ್‌ಟಾಪಿಗೂ ಏನು ಸಂಬಂಧ ಅನ್ನಬೇಡಿ, ಪ್ರಶ್ನೆ ಅದೇ.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. ರಜೆಗೆ ಯಾರ ಒಪ್ಪಿಗೆ ಬೇಕು? ರಜೆ ಹಾಕಿದ ದಿನಕ್ಕೂ ದುಡ್ಡು ಬರುತ್ತದಾ? ದಿನಕ್ಕೆ ಇಷ್ಟು ಗಂಟೆ ಇರಲೇಬೇಕಾ? ಬೇರೆಯವರ ಕೆಲಸ ಮಾಡಬಾರದು ಅಂತ ಬರೆದಿದೆಯಾ? ಕೆಲಸ ಕೆಟ್ಟರೆ ಸರಿಮಾಡುವ ಖರ್ಚು ನಿಮ್ಮದಾ, ಅವರದಾ? ನಿಮ್ಮ ಬದಲು ಇನ್ನೊಬ್ಬರನ್ನು ಕೂರಿಸಬಹುದಾ? ನೀವು ಬರೆದದ್ದನ್ನು ನೋಡಿದರೆ ಮ್ಯಾನೇಜರ್ ಇದ್ದಾರೆ, ರಜೆ ಇದೆ, ಲ್ಯಾಪ್‌ಟಾಪ್ ಅವರದ್ದು, ಪ್ರತಿ ತಿಂಗಳು ಒಂದೇ ಮೊತ್ತ. ಕೆಲಸ ಮುಗಿಸಿದ್ದಕ್ಕೆ ಅಲ್ಲ, ತಿಂಗಳು ಕಳೆದದ್ದಕ್ಕೆ ದುಡ್ಡು. ನನ್ನ ಕಣ್ಣಿಗೆ ಇದು ನೌಕರಿ. ಮೇಲೆ ಬರೆದ ಕಾಂಟ್ರ್ಯಾಕ್ಟರ್ ಅನ್ನುವ ಪದ ನಿಮ್ಮ ಅನುಕೂಲಕ್ಕೆ ಬಂದದ್ದಲ್ಲ. ಇಂಡಿಯಾದಲ್ಲಿ ನೌಕರ ಇದ್ದಾನೆ ಅಂದರೆ ಟಿಡಿಎಸ್ ಹಿಡಿಯಬೇಕು, ಅದಕ್ಕೆ ಇಲ್ಲಿ ನೋಂದಣಿ ಬೇಕು. ಅದರಿಂದ ತಪ್ಪಿಸಿಕೊಳ್ಳಲು ಕಂಪನಿಗಳು ಹೀಗೆ ಬರೆಸುತ್ತವೆ.

ಇಂಥ ಒಪ್ಪಂದ ಇಟ್ಟುಕೊಂಡು 44ಎಡಿಎ ಹಾಕುವವರು ಸಾವಿರಾರು ಜನ ಇದ್ದಾರಲ್ಲ, ಅಂತ ನೀವು ಕೇಳಬಹುದು. ಇದ್ದಾರೆ. ಹಾಕಿಕೊಡುವ ಆಡಿಟರುಗಳೂ ಇದ್ದಾರೆ. ಲಿಖಿತ ಒಪ್ಪಂದ ಇದೆ, ಇನ್‌ವಾಯ್ಸ್ ಇದೆ, ಪಿಎಫ್ ಇಲ್ಲ ಅನ್ನುವ ವಾದಕ್ಕೂ ತೂಕ ಇದೆ. ಆದರೆ ಪರಿಶೀಲನೆಗೆ ಬಂದು ಇದು ಸಂಬಳ ಅಂತ ಆದರೆ, ಕಡಿಮೆ ಕಟ್ಟಿದ 5.94 ಲಕ್ಷದ ಜೊತೆಗೆ ಬಡ್ಡಿ, ಅದರ ಮೇಲೆ ಆ ತೆರಿಗೆಯ ಅರ್ಧದಷ್ಟು ದಂಡ, ಅಂದರೆ ಇನ್ನೂ ಹೆಚ್ಚೂಕಡಿಮೆ 3 ಲಕ್ಷ. ಗೊತ್ತಿದ್ದೂ ತಪ್ಪು ತೋರಿಸಿದ್ದಾರೆ ಅಂತ ಅಧಿಕಾರಿ ಹಿಡಿದರೆ ದಂಡ ತೆರಿಗೆಯ ಎರಡು ಪಟ್ಟು. ಆಗ ಕಂಪನಿಯ ಚಾಟ್, ರಜೆ ಕೇಳಿದ ಮೇಲ್, ವಾರ್ಷಿಕ ಅಪ್ರೈಸಲ್ ಎಲ್ಲ ನಿಮ್ಮ ವಿರುದ್ಧವೇ ಮಾತಾಡುತ್ತವೆ.

ನಾನು ನೋಡಿದ ಹಾಗೆ ಜನ ಸಿಕ್ಕಿಬೀಳುವುದು ಒಪ್ಪಂದದಲ್ಲಲ್ಲ, ಬೇರೆ ಬೇರೆ ಕಡೆ ಬೇರೆ ಬೇರೆ ಕಥೆ ಹೇಳಿದಾಗ. ಹೋದ ವರ್ಷ ನನ್ನ ಹತ್ತಿರ ಒಬ್ಬರು ಬಂದಿದ್ದರು. ರಿಟರ್ನಿನಲ್ಲಿ ವೃತ್ತಿಯ ಫೀಸು ಅಂತ ಅರ್ಧ ತೋರಿಸಿದ್ದರು. ಬ್ಯಾಂಕಿನಲ್ಲಿ ಮಾತ್ರ ದುಡ್ಡು ಬಂದ ಕಾರಣ ಅಂತ `P1401` ಕೋಡ್ ಬಿದ್ದಿತ್ತು. ಹೊರದೇಶದಿಂದ ಬರುವ ಪ್ರತಿ ರವಾನೆಗೂ ರಿಸರ್ವ್ ಬ್ಯಾಂಕಿನ ಒಂದು ಕಾರಣ ಕೋಡ್ ಇರುತ್ತದೆ. `P1401` ಅಂದರೆ ನೌಕರರ ಸಂಬಳ. ಸಾಫ್ಟ್‌ವೇರ್ ಸಲಹೆಗೆ `P0802`. ಅವರು ಬ್ಯಾಂಕಿನವರು ಕೇಳಿದಾಗ ಸುಮ್ನೆ ‘ಸ್ಯಾಲರಿ’ ಅಂದಿದ್ದರು. ಮನೆ ಸಾಲದ ಅರ್ಜಿಯಲ್ಲೂ ‘ಉದ್ಯೋಗಿ’ ಅಂತ ಬರೆದಿದ್ದರು. ಜಿಎಸ್‌ಟಿ ನೋಂದಣಿ ಮಾಡಿಸಿರಲಿಲ್ಲ. ಇಲಾಖೆಗೆ ಮಾತ್ರ ಅವರು ಸ್ವತಂತ್ರ ವೃತ್ತಿಯವರು. ಯಾರೂ ಕೇಳುವ ಮೊದಲೇ ರಿಟರ್ನ್ ತಿದ್ದಿ, ಸಂಬಳ ಅಂತ ತೋರಿಸಿ ಬಾಕಿ ಕಟ್ಟಿಸಿದೆವು. ನೋವಾಯಿತು, ಆದರೆ ದಂಡ ಬೀಳಲಿಲ್ಲ.

ಜಿಎಸ್‌ಟಿ ಮಾತು ಬಂತು. ಅರ್ಧ ತೆರಿಗೆಯ ಆಸೆ ಇರುವವರು ಇದನ್ನು ಮರೆಯುವುದೇ ಜಾಸ್ತಿ. ನೌಕರ ಮಾಲೀಕರಿಗೆ ಮಾಡುವ ಕೆಲಸಕ್ಕೆ ಜಿಎಸ್‌ಟಿ ಇಲ್ಲ, ಅದು ಕಾನೂನಿನ ಹೊರಗೇ ಉಳಿಯುತ್ತದೆ. ಆದರೆ ನೀವು ಕಾಂಟ್ರ್ಯಾಕ್ಟರ್ ಅಂದ ಕ್ಷಣ ಸೇವೆ ಮಾರುವವರಾದಿರಿ. ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಎಲ್ಲವೂ ರಫ್ತು ಆದರೂ ಆ 20 ಲಕ್ಷದ ಲೆಕ್ಕಕ್ಕೆ ಅದು ಸೇರುತ್ತದೆ. ನಿಮ್ಮದು 40 ಲಕ್ಷ ದಾಟಿದೆ. ಕೊಳ್ಳುವವರು ಹೊರದೇಶದವರು, ದುಡ್ಡು ವಿದೇಶಿ ಹಣದಲ್ಲಿ ಬರುತ್ತದೆ ಅಂದರೆ ಅದು ರಫ್ತು, ತೆರಿಗೆ ಸೊನ್ನೆ. ಆದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ಆರ್ಥಿಕ ವರ್ಷಕ್ಕೂ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಸಲ್ಲಿಸಬೇಕು. ಪೋರ್ಟಲಿನಲ್ಲಿ ಅದರ ಹೆಸರು `RFD-11`. ಅದಿಲ್ಲದಿದ್ದರೆ ಮೊದಲು 18 ಪರ್ಸೆಂಟ್ ಕಟ್ಟಿ ಆಮೇಲೆ ವಾಪಸ್ ಕೇಳಬೇಕು. ಜೊತೆಗೆ ಕಾಲಕಾಲಕ್ಕೆ ರಿಟರ್ನ್. ತೆರಿಗೆ ಸೊನ್ನೆ ಅಂದ ಮಾತ್ರಕ್ಕೆ ಕೆಲಸ ಸೊನ್ನೆ ಅಲ್ಲ.

ಒಟ್ಟಿನಲ್ಲಿ ಫೀಸು ಅನ್ನುವ ದಾರಿ ಹಿಡಿದರೆ ಒಪ್ಪಂದ, ಇನ್‌ವಾಯ್ಸ್, ಬ್ಯಾಂಕ್ ಕೋಡ್, ಜಿಎಸ್‌ಟಿ, ರಿಟರ್ನ್ ಐದೂ ಒಂದೇ ಕಥೆ ಹೇಳಬೇಕು. ಆ ಕಥೆ ನಿಜವೂ ಆಗಿರಬೇಕು. 2025-26ಕ್ಕೆ ನಿಮ್ಮ ಕಥೆ ಹಾಗಿಲ್ಲ. ಆದ್ದರಿಂದ ಹೋದ ವರ್ಷದ್ದನ್ನು ಸಂಬಳ ಅಂತಲೇ ತೋರಿಸಿ ಅನ್ನುವುದು ನನ್ನ ಸಲಹೆ. ಕಹಿ ಮಾತು, ಗೊತ್ತು.

ಈಗ ಬಾಕಿಯ ವಿಷಯ. ಕಂಪನಿ ಟಿಡಿಎಸ್ ಹಿಡಿಯದಿದ್ದರೆ ಆ ಹೊಣೆ ನಿಮ್ಮ ಹೆಗಲಿಗೆ ಬರುತ್ತದೆ. ವರ್ಷದ ತೆರಿಗೆ 10,000 ದಾಟುವವರು ಅದನ್ನು ವರ್ಷದೊಳಗೇ ಮುಂಗಡವಾಗಿ ಕಟ್ಟಬೇಕು. ಜೂನ್ 15ರೊಳಗೆ 15 ಪರ್ಸೆಂಟ್, ಸೆಪ್ಟೆಂಬರ್ 15ರೊಳಗೆ 45, ಡಿಸೆಂಬರ್ 15ರೊಳಗೆ 75, ಮಾರ್ಚ್ 15ರೊಳಗೆ ಪೂರ್ತಿ. ಬೆಂಗಳೂರಿನ ಆಫೀಸಿನಲ್ಲಿ ಕೆಲಸ ಮಾಡಿ ಬಂದವರಿಗೆ ಈ ತಾರೀಖುಗಳ ಪರಿಚಯವೇ ಇರುವುದಿಲ್ಲ. ಅಲ್ಲಿ ಅಕೌಂಟ್ಸ್‌ನವರು ಕತ್ತರಿಸಿ ಕಳಿಸುತ್ತಿದ್ದರು, ಫಾರ್ಮ್ 16 ಬರುತ್ತಿತ್ತು, ಮುಗೀತು.

ಕಟ್ಟದಿದ್ದರೆ ಎರಡು ಬಡ್ಡಿ. ಮೊದಲನೆಯದು ಕಂತು ತಪ್ಪಿದ್ದಕ್ಕೆ. ಮೊದಲ ಮೂರು ಕಂತುಗಳ ಕೊರತೆಗೆ ತಿಂಗಳಿಗೆ 1 ಪರ್ಸೆಂಟಿನಂತೆ ಮೂರು ಮೂರು ತಿಂಗಳು, ಕೊನೆಯದಕ್ಕೆ ಒಂದು ತಿಂಗಳು. ನಿಮ್ಮ 8,12,760ಕ್ಕೆ ಇದು 41,040 ರೂಪಾಯಿ ಆಗುತ್ತದೆ. ಇದು ಆಗಿಹೋದ ನಷ್ಟ, ಇನ್ನು ಏನು ಮಾಡಿದರೂ ಕಡಿಮೆ ಆಗಲ್ಲ. ಎರಡನೆಯದು ಏಪ್ರಿಲ್ 1ರಿಂದ ನೀವು ಕಟ್ಟುವ ತಿಂಗಳವರೆಗೆ, ತಿಂಗಳಿಗೆ 1 ಪರ್ಸೆಂಟ್. ತಿಂಗಳಿನ ಒಂದು ದಿನ ಆದರೂ ಪೂರ್ತಿ ತಿಂಗಳ ಲೆಕ್ಕ. ಜುಲೈಯಲ್ಲಿ ರಿಟರ್ನ್ ಹಾಕುವಾಗ ಕಟ್ಟಿದರೆ ನಾಲ್ಕು ತಿಂಗಳು, 32,508. ಎರಡೂ ಸೇರಿ 73,548. ಜೂನ್‌ನಲ್ಲೇ ಕಟ್ಟಿದರೆ 8,127 ಉಳಿಯುತ್ತದೆ. ಹಾಗಾಗಿ ರಿಟರ್ನ್ ತುಂಬುವವರೆಗೆ ಕಾಯಬೇಡಿ. ಇಲಾಖೆಯ ಪೋರ್ಟಲಿನಲ್ಲಿ ಈಗಲೇ ಕಟ್ಟಿ, ಚಲನ್ ಇಟ್ಟುಕೊಳ್ಳಿ. ಕಟ್ಟುವಾಗ ‘ಸೆಲ್ಫ್ ಅಸೆಸ್‌ಮೆಂಟ್’ ಆರಿಸಿ, ಅಸೆಸ್‌ಮೆಂಟ್ ವರ್ಷ 2026-27 ಇದೆಯಾ ಅಂತ ಎರಡು ಸಲ ನೋಡಿ. ವರ್ಷ ತಪ್ಪಾಗಿ ಆರಿಸಿ ಕಟ್ಟಿದ ದುಡ್ಡನ್ನು ಸರಿಯಾದ ಜಾಗಕ್ಕೆ ತರಿಸುವುದು ದೊಡ್ಡ ತಲೆನೋವು.

ಈ ವರ್ಷದ ಮೊದಲ ಕಂತು ಜೂನ್ 15ಕ್ಕೇ ಇದೆ, ಅದನ್ನೂ ಮರೆಯಬೇಡಿ. ನನ್ನ ಕಡೆಯವರಿಗೆ ಒಂದು ಉಪಾಯ ಹೇಳುತ್ತೇನೆ. ಡಾಲರ್ ಬಂದ ದಿನವೇ ಅದರ 20 ಪರ್ಸೆಂಟ್ ಬೇರೆ ಖಾತೆಗೆ ಹಾಕಿಡಿ. ನಿಮ್ಮ ಮೊತ್ತಕ್ಕೆ ತೆರಿಗೆ ಸರಿಸುಮಾರು ಅಷ್ಟೇ ಬರುತ್ತದೆ.

ನಾನು 85 ರೂಪಾಯಿ ಹಿಡಿದದ್ದು ಬರೀ ಉದಾಹರಣೆಗೆ. ರಿಟರ್ನಿನಲ್ಲಿ ಹಾಗೆ ಹಾಕುವಂತಿಲ್ಲ. ಬ್ಯಾಂಕಿಗೆ ಬಂದ ರೂಪಾಯಿಯನ್ನು ಕೂಡಿಸಿ ಬರೆದರೂ ಅದು ಸರಿಯಲ್ಲ, ಇದು ತುಂಬ ಜನರಿಗೆ ಗೊತ್ತಿಲ್ಲ. ಸಂಬಳಕ್ಕೆ ನಿಯಮ 115 ಅಂತ ಇದೆ. ಯಾವ ತಿಂಗಳ ಸಂಬಳವೋ ಅದರ ಹಿಂದಿನ ತಿಂಗಳ ಕೊನೆಯ ದಿನ ಸ್ಟೇಟ್ ಬ್ಯಾಂಕು ಹೊರಗಿಂದ ಬಂದ ಡಾಲರನ್ನು ಕೊಳ್ಳುವ ದರ, ಅಂದರೆ ಟಿಟಿ ಕೊಳ್ಳುವ ದರ, ಎಷ್ಟಿತ್ತೋ ಅದನ್ನು ಹಿಡಿಯಬೇಕು. ಮೇ ತಿಂಗಳ ಸಂಬಳಕ್ಕೆ ಏಪ್ರಿಲ್ 30ರ ದರ. ಆ ದಿನ ದರ 84 ಇತ್ತು, ನಿಮ್ಮ ಖಾತೆಗೆ 85ರಂತೆ ಬಿತ್ತು ಅಂದುಕೊಳ್ಳಿ. ಕೈಗೆ ಬಂದದ್ದು 3,40,000, ರಿಟರ್ನಿಗೆ ಬರೆಯುವುದು 3,36,000. ಇನ್ನೊಂದು ತಿಂಗಳು ಇದು ಉಲ್ಟಾ ಆಗಬಹುದು. ದುಡ್ಡು ರವಾನಿಸುವ ಆ್ಯಪ್ ಕತ್ತರಿಸಿಕೊಂಡ ಕಮಿಷನ್ನನ್ನೂ ಸಂಬಳದಲ್ಲಿ ಕಳೆಯುವಂತಿಲ್ಲ, 4,000 ಡಾಲರನ್ನೇ ಹಿಡಿಯಬೇಕು. ಸ್ಟೇಟ್ ಬ್ಯಾಂಕಿನ ಹಳೆಯ ದರಪಟ್ಟಿ ಆಮೇಲೆ ಹುಡುಕುವುದು ಕಷ್ಟ, ಹಾಗಾಗಿ ಪ್ರತಿ ತಿಂಗಳ ಕೊನೆಗೆ ಅದರ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ಫೀಸಿನ ದಾರಿಯಲ್ಲಿ ಈ ರಗಳೆ ಇಲ್ಲ. ವರ್ಷ ಮುಗಿಯುವ ಮೊದಲು ಇಂಡಿಯಾಕ್ಕೆ ಬಂದ ಫೀಸಿಗೆ ಬಂದ ರೂಪಾಯಿಯೇ ಲೆಕ್ಕ.

ರಿಟರ್ನ್ ಫಾರ್ಮಿನ ಬಗ್ಗೆ: ಸಂಬಳ ಅಂತ ತೋರಿಸುವಾಗ ನಾನು ಐಟಿಆರ್-2 ಹಾಕಿಸುತ್ತೇನೆ. ಉದ್ಯೋಗದಾತರ ಜಾಗದಲ್ಲಿ ಅಮೆರಿಕದ ಕಂಪನಿಯ ಹೆಸರು, ವಿಳಾಸ. ಟಿಡಿಎಸ್ ಇಲ್ಲದ ಕಾರಣ ಟ್ಯಾನ್ ನಂಬರ್ ಬೇಕಿಲ್ಲ. ಕಡೆಯ ದಿನ ಜುಲೈ 31. ಕಂಪನಿ ಶೇರು ಕೊಟ್ಟಿದ್ದರೆ, ಅಥವಾ ಹೊರದೇಶದ ಖಾತೆಯಲ್ಲಿ ಡಾಲರ್ ಉಳಿದಿದ್ದರೆ, ವಿದೇಶಿ ಆಸ್ತಿಯ ಪಟ್ಟಿ ತುಂಬಿ. ಅಲ್ಲಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಈ ರಿಟರ್ನಿಗೆ 2025ರ ಕ್ಯಾಲೆಂಡರ್ ವರ್ಷ. ಮತ್ತೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಅಂತ ವರ್ಷಕ್ಕೆ 2,500 ಇದೆ. ಸಂಬಳದಲ್ಲಿ ಹಿಡಿದು ಕಟ್ಟುವ ಕಂಪನಿ ಇಲ್ಲಿ ಇಲ್ಲದ್ದರಿಂದ ನೀವೇ ನೋಂದಾಯಿಸಿಕೊಂಡು ಕಟ್ಟಿ.

ಇನ್ನು ಅಮೆರಿಕದ ಕಡೆ. ನೀವು ಅಲ್ಲಿನ ಪ್ರಜೆಯಲ್ಲ, ಗ್ರೀನ್ ಕಾರ್ಡ್ ಇಲ್ಲ, ಕೆಲಸ ಪೂರ್ತಿ ಸಾಗರದಲ್ಲೇ ಅಂದರೆ ಅಮೆರಿಕಕ್ಕೆ ನಿಮ್ಮ ದುಡಿಮೆಯ ಮೇಲೆ ತೆರಿಗೆ ಹಾಕುವ ಹಕ್ಕಿಲ್ಲ. ಕಂಪನಿ ನಿಮ್ಮ ಹತ್ತಿರ `W-8BEN` ಅನ್ನುವ ಫಾರ್ಮಿಗೆ ಸಹಿ ಕೇಳಿರಬೇಕು. ನಾನು ಅಮೆರಿಕದವನಲ್ಲ ಅಂತ ಹೇಳುವ ಫಾರ್ಮ್ ಅದು. ಸಹಿ ಹಾಕಿದ ವರ್ಷದ ನಂತರ ಮೂರನೇ ವರ್ಷದ ಕೊನೆಯವರೆಗೆ ನಡೆಯುತ್ತದೆ, ಅಂದರೆ 2025ರಲ್ಲಿ ಹಾಕಿದ್ದು 2028ರ ಡಿಸೆಂಬರ್ 31ರವರೆಗೆ. `W-9` ಕಳಿಸಿದರೆ ಮಾತ್ರ ಸಹಿ ಹಾಕಬೇಡಿ. ಅದು ಅಮೆರಿಕದವರಿಗೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಅಪ್ಪನಿಗೆ ಹುಷಾರಿಲ್ಲ ಅಂತ ಶಿರಸಿಗೆ ಬಂದು ಇಲ್ಲಿಂದಲೇ ಅದೇ ಕೆಲಸ ಮುಂದುವರಿಸಿದರು. ಕಂಪನಿಯವರು ಅವರನ್ನು ಅಲ್ಲಿನ ಸಂಬಳಪಟ್ಟಿಯಲ್ಲೇ ಇಟ್ಟು ಅಲ್ಲಿನ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಎಲ್ಲ ಹಿಡಿಯುತ್ತಲೇ ಹೋದರು. ‘ಅಲ್ಲಿ ಕಟ್ಟಿದ್ದೇನಲ್ಲ, ಎರಡು ದೇಶಗಳ ಒಪ್ಪಂದ ಇದೆಯಲ್ಲ, ಇಲ್ಲಿ ಕಳೆದುಕೊಳ್ಳಿ’ ಅಂತ ಬಂದರು. ಹಾಗೆ ಕಳೆಯಲು ಫಾರ್ಮ್ 67 ಇದೆ, ನಿಜ. ಆದರೆ ಆ ಒಪ್ಪಂದದ ಪ್ರಕಾರ ಕೆಲಸ ಎಲ್ಲಿ ನಡೆಯಿತೋ ಆ ದೇಶಕ್ಕೆ ತೆರಿಗೆಯ ಹಕ್ಕು. ಶಿರಸಿಗೆ ಬಂದ ಮೇಲಿನ ತಿಂಗಳುಗಳಿಗೆ ಅಮೆರಿಕ ಹಿಡಿದದ್ದೇ ತಪ್ಪು. ತಪ್ಪಾಗಿ ಹಿಡಿದ ತೆರಿಗೆಗೆ ಇಂಡಿಯಾ ವಿನಾಯಿತಿ ಕೊಡುವುದಿಲ್ಲ. ಅವರು ಇಲ್ಲಿ ಪೂರ್ತಿ ಕಟ್ಟಬೇಕಾಯಿತು, ಅಲ್ಲಿಂದ ವಾಪಸ್ ಪಡೆಯಲು `1040-NR` ಅನ್ನುವ ಅಲ್ಲಿನ ರಿಟರ್ನ್ ಹಾಕಿ ಕಾಯಬೇಕಾಯಿತು. ಒಂದೇ ದುಡ್ಡು ತಿಂಗಳುಗಟ್ಟಲೆ ಎರಡೂ ದೇಶದಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಿಮ್ಮ ಸಂಬಳದಲ್ಲಿ ಅಲ್ಲಿ ಏನಾದರೂ ಹಿಡಿಯುತ್ತಿದ್ದರೆ ಮೊದಲ ತಿಂಗಳೇ ನಿಲ್ಲಿಸಲು ಹೇಳಿ.

ಮುಂದಿನ ದಾರಿ ಏನು? ಕಂಪನಿಯ ಜೊತೆ ಮಾತಾಡಿ. ಒಂದು, ಅವರ ಪರವಾಗಿ ಇಲ್ಲಿ ನೌಕರರನ್ನು ಇಟ್ಟುಕೊಳ್ಳುವ ಇಂಡಿಯಾದ ಮಧ್ಯವರ್ತಿ ಕಂಪನಿಗಳಿವೆ, ಇಒಆರ್ ಅನ್ನುತ್ತಾರೆ. ಅಂಥವರ ಮೂಲಕ ಸೇರಿದರೆ ನಿಮಗೆ ರೂಪಾಯಿಯಲ್ಲಿ ಸಂಬಳ, ಟಿಡಿಎಸ್, ಪಿಎಫ್, ಫಾರ್ಮ್ 16 ಎಲ್ಲ ಸಿಗುತ್ತದೆ. ಮುಂಗಡ ತೆರಿಗೆಯ ಚಿಂತೆ ಇಲ್ಲ, ಬ್ಯಾಂಕ್ ಸಾಲವೂ ಸಲೀಸು. ಆದರೆ ಮಧ್ಯವರ್ತಿಯ ಫೀಸು, ಪಿಎಫ್‌ನ ಮಾಲೀಕರ ಪಾಲು ಎಲ್ಲ ಆ 4,000 ಡಾಲರಿನೊಳಗೇ ಬರುತ್ತದಾ ಅಂತ ಮೊದಲೇ ಕೇಳಿ. ಬಂದರೆ ಕೈಗೆ ಸಿಗುವುದು ಕಡಿಮೆ.

ಎರಡು, ನಿಜವಾಗಿಯೂ ಕಾಂಟ್ರ್ಯಾಕ್ಟರ್ ಆಗುವುದು. ತಿಂಗಳ ಮೊತ್ತದ ಬದಲು ಕೆಲಸದ ಲೆಕ್ಕದಲ್ಲಿ ದುಡ್ಡು, ನಿಮ್ಮದೇ ಲ್ಯಾಪ್‌ಟಾಪ್, ಬೇರೆ ಗ್ರಾಹಕರನ್ನು ಹಿಡಿಯುವ ಸ್ವಾತಂತ್ರ್ಯ, ಸಂಬಳಸಹಿತ ರಜೆ ಇಲ್ಲ, ಕೆಲಸ ಕೆಟ್ಟರೆ ಹೊಣೆ ನಿಮ್ಮದು. ಜೊತೆಗೆ ಜಿಎಸ್‌ಟಿ, ಎಲ್‌ಯುಟಿ, `P0802`. ಆಗ 44ಎಡಿಎ ಧೈರ್ಯವಾಗಿ ಹಾಕಬಹುದು. ಮುಂಗಡ ತೆರಿಗೆಯೂ ಮಾರ್ಚ್ 15ಕ್ಕೆ ಒಂದೇ ಕಂತು. ವರ್ಷಕ್ಕೆ ಆರು ಲಕ್ಷ ಉಳಿತಾಯದ ಬೆಲೆ ಏನು ಅಂತ ಮಾತ್ರ ಯೋಚಿಸಿ: ನಾಳೆ ಕಂಪನಿ ಬೇಡ ಅಂದರೆ ನೋಟಿಸ್ ಅವಧಿಯ ರಕ್ಷಣೆ ಇಲ್ಲ, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಒಂದೇ ಗ್ರಾಹಕರನ್ನು ನೆಚ್ಚಿಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ.

ಇವೆರಡೂ ಆಗುವುದಿಲ್ಲ ಅಂದರೆ ಈಗಿರುವ ಹಾಗೇ ಇದ್ದು, ಸಂಬಳ ಅಂತ ತೋರಿಸಿ, ಮುಂಗಡ ತೆರಿಗೆ ನೀವೇ ಕಟ್ಟುತ್ತಾ ಹೋಗಬಹುದು. ಅದರಲ್ಲಿ ನಿಮ್ಮ ಕಡೆಯಿಂದ ತಪ್ಪಿಲ್ಲ. ಟಿಡಿಎಸ್ ಹಿಡಿಯದ ತಪ್ಪು ಕಂಪನಿಯದ್ದು. ಅವರ ಪರವಾಗಿ ಇಲ್ಲಿನ ಗ್ರಾಹಕರ ಜೊತೆ ಒಪ್ಪಂದಕ್ಕೆ ಸಹಿ ಹಾಕುವುದು, ಮನೆ ವಿಳಾಸವನ್ನು ಅವರ ಇಂಡಿಯಾ ಆಫೀಸು ಅಂತ ವೆಬ್‌ಸೈಟಿನಲ್ಲಿ ಹಾಕಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ನಿಮ್ಮ ಮನೆಯೇ ಅವರ ಇಲ್ಲಿನ ವ್ಯವಹಾರದ ಜಾಗ ಅಂತ ಆಗಿ, ಕಂಪನಿಯ ಲಾಭಕ್ಕೂ ಇಂಡಿಯಾ ತೆರಿಗೆ ಕೇಳುವ ಪ್ರಶ್ನೆ ಏಳಬಹುದು. ನೀವು ಬರೀ ಕೋಡ್ ಬರೆಯುವವರಾದರೆ ಅದು ಅಷ್ಟು ಸುಲಭಕ್ಕೆ ಏಳುವ ಪ್ರಶ್ನೆಯಲ್ಲ.

ಸದ್ಯಕ್ಕೆ ಈ ವಾರದ ಕೆಲಸ ಇಷ್ಟು. ಬ್ಯಾಂಕಿನಿಂದ ಹನ್ನೆರಡು ತಿಂಗಳ ವಿದೇಶಿ ರವಾನೆ ಪತ್ರ ತರಿಸಿ, ಯಾವ ಕೋಡ್ ಬಿದ್ದಿದೆ ನೋಡಿ. ನಿಯಮ 115ರ ದರದಲ್ಲಿ ಲೆಕ್ಕ ಹಾಕಿಸಿ. ಬಾಕಿಯನ್ನು ಈ ತಿಂಗಳೊಳಗೇ ಕಟ್ಟಿ. ಒಪ್ಪಂದದ ಪ್ರತಿ ಕೈಯಲ್ಲಿ ಹಿಡಿದುಕೊಂಡು ನಿಮ್ಮ ಆಡಿಟರ್ ಹತ್ತಿರ ಕೂತುಕೊಳ್ಳಿ. ಅವರು ಒಪ್ಪಂದ ಓದದೆಯೇ ‘ಅರ್ಧ ತೋರಿಸೋಣ ಬಿಡಿ’ ಅಂದರೆ, ಇನ್ನೊಬ್ಬ ಆಡಿಟರನ್ನು ಹುಡುಕಿ.